ವರ್ಷಾಂತ್ಯದ ಶುಭಾಶಯ: ಹೆಸರಿನಿಂದ ಮತವನ್ನು ಊಹಿಸದಿರುವ ಕ್ರಮ

ಶಿವಕಾಶಿಯ ಮುದ್ರಣಾಲಯಗಳು ಪ್ರತಿ ವರ್ಷ ಆಗಸ್ಟ್ ಆರಂಭದಲ್ಲಿ, ತಮಿಳರ ಆಡಿ ಹದಿನೆಂಟರ ದಿನ, ಮುಂದಿನ ವರ್ಷದ ಕ್ಯಾಲೆಂಡರ್‌ಗಳ ಮಾದರಿ ಆಲ್ಬಮ್‌ಗಳನ್ನು ಹೊರತರುತ್ತವೆ. ಈ ಆಲ್ಬಮ್‌ಗಳನ್ನು ಹಿಡಿದ ಏಜೆಂಟರು ಚಾಮರಾಜನಗರ ಹಾಗೂ ಗುಂಡ್ಲುಪೇಟೆಯ ಮಳಿಗೆಗಳಿಗೂ ಬರುತ್ತಾರೆ. ವರ್ತಕರು ಪುಟ ತಿರುವಿ, ತಮಗೆ ಒಪ್ಪಿಗೆಯಾದ ದೇವರ ಚಿತ್ರವೊಂದನ್ನು ಆರಿಸಿ, ಕೆಳಗೆ ಮಳಿಗೆಯ ಹೆಸರು ಅಚ್ಚು ಹಾಕಿಸಿ ನೂರಾರು ಪ್ರತಿಗಳಿಗೆ ಮುಂಗಡ ಕೊಡುತ್ತಾರೆ. ಮೊಬೈಲ್ ಸಂದೇಶ, ಮುದ್ರಿತ ಕಾರ್ಡು ಮೊದಲಾದ ವರ್ಷಾಂತ್ಯದ ಶುಭಾಶಯಗಳೆಲ್ಲವೂ ಸಾಮಾನ್ಯವಾಗಿ ಈ ಆಯ್ಕೆಯನ್ನೇ ಅನುಸರಿಸುತ್ತವೆ. ಆದರೆ ಆರಿಸುವವರು ಒಬ್ಬರು, ಪಡೆಯುವವರು ಹಲವು ಮತಗಳವರು. ಒಂದೇ ಪ್ರಯತ್ನದಲ್ಲಿ ಎಲ್ಲರಿಗೂ ಸಲ್ಲುವ ಶುಭಾಶಯವನ್ನು ರೂಪಿಸುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಗ್ರಾಹಕರ ಪಟ್ಟಿ ಹೇಳುವುದೆಷ್ಟು?

ಗ್ರಾಹಕರನ್ನು ಮತವಾರು ವಿಂಗಡಿಸಿ ಒಬ್ಬೊಬ್ಬರಿಗೆ ಒಂದೊಂದು ಶುಭಾಶಯ ಕಳುಹಿಸುವುದು ಮೊದಲ ನೋಟಕ್ಕೆ ಸೌಜನ್ಯವೆಂದೇ ತೋರುತ್ತದೆ. ಆದರೆ ಖಾತೆ ಪುಸ್ತಕದಲ್ಲಿ ಮತದ ಕಾಲಂ ಇರುವುದಿಲ್ಲ. ಆದ್ದರಿಂದ ವಿಂಗಡಣೆಯು ಹೆಸರಿನ ಆಧಾರದ ಮೇಲೆ ನಡೆಯುತ್ತದೆ. ಈ ಜಿಲ್ಲೆಯಲ್ಲಿ ಹೆಸರು ತೀರ ದುರ್ಬಲವಾದ ಆಧಾರ.

ಮಹದೇವ, ಸಿದ್ದರಾಜು, ಶಿವಣ್ಣ ಎಂಬ ಹೆಸರುಗಳು ಇಲ್ಲಿ ಹಲವು ಸಮುದಾಯಗಳಲ್ಲಿವೆ. ಡಾ. ಅಂಬೇಡ್ಕರ್ ಅವರ ಹಾದಿಯಲ್ಲಿ ಬೌದ್ಧರಾದ ಕುಟುಂಬಗಳಲ್ಲಿ ಹಿರಿಯರ ಹೆಸರು ಬಹುತೇಕ ಹಳೆಯದೇ ಉಳಿದಿರುತ್ತದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಸುತ್ತಮುತ್ತ ತಮಿಳು ಮಾತನಾಡುವ ಕ್ರೈಸ್ತರಿದ್ದಾರೆ. ಅದೇ ಭಾಗದ ಒಡೆಯರಪಾಳ್ಯದ ಬಳಿ ಟಿಬೆಟನ್ನರ ವಸತಿಯಿದೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಜೈನರ ಪುರಾತನ ಕ್ಷೇತ್ರ. ಗುಂಡ್ಲುಪೇಟೆಯ ಹೂವು, ತರಕಾರಿ ಕೊಳ್ಳಲು ಬರುವ ಕೇರಳದ ವರ್ತಕರಲ್ಲಿ ಶಾಜಿ, ಬಿಜು ಎಂಬಂಥ ಹೆಸರುಗಳು ಮತದ ಸುಳಿವನ್ನು ಕೊಡುವುದಿಲ್ಲ.

ಸಂಸ್ಥೆಯ ಹೆಸರಂತೂ ಇನ್ನೂ ದಾರಿ ತಪ್ಪಿಸುತ್ತದೆ. ದೇವರ ಹೆಸರಿನ ಮಳಿಗೆಯನ್ನು ಬೇರೊಬ್ಬರು ಕೊಂಡಾಗ ವ್ಯಾಪಾರದ ಹಿತಕ್ಕಾಗಿ ಹಳೆಯ ಫಲಕವನ್ನೇ ಉಳಿಸಿಕೊಳ್ಳುವುದುಂಟು. ಜಿ.ಎಸ್.ಟಿ. ನೋಂದಣಿಯಲ್ಲಿ ವ್ಯಾಪಾರನಾಮ ಮತ್ತು ಕಾನೂನುಬದ್ಧ ಹೆಸರು ಬೇರೆ ಬೇರೆಯಾಗಿ ದಾಖಲಾಗುವುದೇ ಇಂಥ ಸಂದರ್ಭಗಳು ಸಾಮಾನ್ಯವೆಂಬುದಕ್ಕೆ ಸಾಕ್ಷಿ. ನೋಂದಣಿ ಸಂಖ್ಯೆಯ ಮೊದಲೆರಡು ಅಂಕಿಗಳು ಕರ್ನಾಟಕಕ್ಕೆ 29, ಕೇರಳಕ್ಕೆ 32, ತಮಿಳುನಾಡಿಗೆ 33 ಎಂದು ರಾಜ್ಯವನ್ನಷ್ಟೇ ತಿಳಿಸುತ್ತವೆ. ಮತವನ್ನಾಗಲಿ, ಮನೆಮಾತನ್ನಾಗಲಿ ತಿಳಿಸುವುದಿಲ್ಲ.

ಮತ ಸರಿಯಾದರೂ ತಪ್ಪುವ ಶುಭಾಶಯ

ಊಹೆ ನಿಜವಾದರೂ ಶುಭಾಶಯ ಸರಿಯಾಗುತ್ತದೆಂಬ ಭರವಸೆಯಿಲ್ಲ. ಹಿಜರಿ ವರ್ಷವು ಮೊಹರಂ ತಿಂಗಳ ಮೊದಲ ದಿನ ಆರಂಭವಾಗುತ್ತದೆ. ಇದು ಮುಸ್ಲಿಮರ ಹೊಸ ವರ್ಷವೆಂದು ತಿಳಿದು ‘ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಅಚ್ಚು ಹಾಕಿಸುವವರಿದ್ದಾರೆ. ಆದರೆ ಅದು ಕರ್ಬಲಾದ ಹುತಾತ್ಮರ ಸ್ಮರಣೆಯ ತಿಂಗಳು. ಶಿಯಾ ಪಂಥದವರಿಗೆ ಶೋಕದ ತಿಂಗಳು. ಶುಭ ಶುಕ್ರವಾರಕ್ಕೆ ಹರ್ಷದ ಸಂದೇಶ ಕಳುಹಿಸುವುದೂ ಇದೇ ಬಗೆಯ ಪ್ರಮಾದ.

ಇನ್ನೊಂದು ಸಂಗತಿ ಎಲ್ಲ ಮತದವರಿಗೂ ಅನ್ವಯಿಸುತ್ತದೆ. ಸಾವು ಸಂಭವಿಸಿದ ಮನೆಗಳಲ್ಲಿ ಆ ವರ್ಷ ಹಬ್ಬ ಆಚರಿಸದಿರುವ ಪದ್ಧತಿ ಈ ಭಾಗದ ಅನೇಕ ಕುಟುಂಬಗಳಲ್ಲಿದೆ. ‘ಹಬ್ಬದ ಸಂಭ್ರಮ ತಮ್ಮ ಮನೆ ತುಂಬಲಿ’ ಎಂಬ ಸಾಲು ಅಂಥ ಮನೆಗೆ ತಲುಪಿದಾಗ ಮತದ ಊಹೆ ಸರಿಯಿದ್ದೂ ಮಾತು ನೋಯಿಸುತ್ತದೆ. ಅದೇ ಸಂದೇಶ ತೀರಿಕೊಂಡ ಯಜಮಾನರ ಹೆಸರಿಗೇ ಬಂದರೆ ಮನೆಯವರು ಅದನ್ನು ಬಹುಕಾಲ ಮರೆಯುವುದಿಲ್ಲ.

ಎಲ್ಲ ಮತಗಳ ಚಿಹ್ನೆಗಳನ್ನು ಒಂದೇ ಕಾರ್ಡಿನಲ್ಲಿ ಸೇರಿಸುವುದು ಕೆಲವರು ಕಂಡುಕೊಂಡಿರುವ ಪರಿಹಾರ. ದೇಗುಲ, ಮಸೀದಿ, ಚರ್ಚುಗಳ ಚಿತ್ರ ಸೇರಿದೊಡನೆ ಜೈನರು, ಬೌದ್ಧರು ಹೊರಗುಳಿಯುತ್ತಾರೆ. ಪಟ್ಟಿಯನ್ನು ಬೆಳೆಸಿದಷ್ಟೂ ಬಿಟ್ಟುಹೋದವರ ಹೆಸರು ಎದ್ದು ಕಾಣುತ್ತದೆ.

ಯಾವ ವರ್ಷದ ಅಂತ್ಯ?

ವರ್ಷಾಂತ್ಯವೆಂಬುದೇ ಒಂದಲ್ಲ. ಕನ್ನಡಿಗರಿಗೆ ಯುಗಾದಿ, ತಮಿಳರಿಗೆ ಏಪ್ರಿಲ್ ನಡುವಿನ ಚಿತ್ತಿರೈ, ಟಿಬೆಟನ್ನರಿಗೆ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬರುವ ಲೋಸರ್ ಹೊಸ ವರ್ಷ. ಜೈನರ ವೀರ ನಿರ್ವಾಣ ಶಕೆ ದೀಪಾವಳಿಯಿಂದ ಎಣಿಕೆಯಾಗುತ್ತದೆ. ಜನವರಿ 1ನ್ನು ತಮ್ಮ ಹೊಸ ವರ್ಷವೆಂದು ಒಪ್ಪದ ಗ್ರಾಹಕರೂ ಇದ್ದಾರೆ.

ವ್ಯಾಪಾರದ ವರ್ಷವೂ ಹಿಂದೆ ಹೀಗೆಯೇ ಭಿನ್ನವಾಗಿತ್ತು. ಕೆಲವರು ದೀಪಾವಳಿಗೆ, ಕೆಲವರು ಡಿಸೆಂಬರ್‌ಗೆ, ಕೆಲವರು ಮಾರ್ಚ್‌ಗೆ ಲೆಕ್ಕ ಮುಗಿಸುತ್ತಿದ್ದರು. ಆದಾಯ ತೆರಿಗೆಗಾಗಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಏಕರೂಪದ ವರ್ಷ ಕಡ್ಡಾಯವಾದದ್ದು 1987ರ ತಿದ್ದುಪಡಿ ಕಾಯ್ದೆಯ ಪರಿಣಾಮವಾಗಿ, 1989–90ನೇ ಕರನಿರ್ಧಾರಣಾ ವರ್ಷದಿಂದ. ಹೊಸ ಖಾತೆ ಪುಸ್ತಕಕ್ಕೆ ದೀಪಾವಳಿಯಂದು ಪೂಜೆ ಸಲ್ಲಿಸುವವರು ಇಂದಿಗೂ ಇದ್ದಾರೆ; ಆದರೆ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆಚರಣೆಯ ವರ್ಷವನ್ನು ಅವರವರಿಗೆ ಬಿಟ್ಟು, ವ್ಯವಹಾರದ ವರ್ಷವನ್ನು ಎಲ್ಲರಿಗೂ ಒಂದಾಗಿಸಿದ ಈ ವ್ಯವಸ್ಥೆಯಲ್ಲಿಯೇ ಶುಭಾಶಯಕ್ಕೂ ಒಂದು ದಾರಿಯಿದೆ. ಗ್ರಾಹಕರ ದೇವರು, ಹಬ್ಬಗಳು ವರ್ತಕನಿಗೆ ತಿಳಿದಿರಲಾರವು. ಆದರೆ ಅವರು ವರ್ಷವಿಡೀ ತನ್ನೊಡನೆ ವ್ಯವಹರಿಸಿದ್ದಾರೆಂಬುದು ಅವನಿಗೆ ಖಚಿತವಾಗಿ ತಿಳಿದಿದೆ. ಶುಭಾಶಯವು ಆ ತಿಳಿದ ಸಂಗತಿಯ ಮೇಲೆ ನಿಲ್ಲಬೇಕು.

ಒಂದು ಉದಾಹರಣೆ

ಗುಂಡ್ಲುಪೇಟೆಯಲ್ಲಿ ಬೀಜ, ಗೊಬ್ಬರ, ಹನಿ ನೀರಾವರಿ ಸಾಮಗ್ರಿ ಮಾರುವ ಒಂದು ಮಳಿಗೆಯನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ 400 ಖಾತೆಗಳಿವೆಯೆಂದು ಇಟ್ಟುಕೊಂಡರೆ, ಮೊದಲ ಕೆಲಸ ಪಟ್ಟಿಯನ್ನು ಶುದ್ಧಗೊಳಿಸುವುದು. ಒಬ್ಬರೇ ಎರಡು ಮೂರು ಹೆಸರಿನಲ್ಲಿ ಹೊಂದಿರುವ ಖಾತೆಗಳನ್ನು ಒಂದುಗೂಡಿಸಬೇಕು. ಮುಚ್ಚಿದ ಖಾತೆಗಳನ್ನೂ ನಿಧನರಾದವರ ಹೆಸರುಗಳನ್ನೂ ತೆಗೆಯಬೇಕು. ಇದಕ್ಕೆ ಮಾರಾಟ ಪುಸ್ತಕ ಸಾಲದು. ಹಳ್ಳಿಗಳಿಗೆ ವಸೂಲಿಗೆ ಹೋಗುವ ಗುಮಾಸ್ತರೊಡನೆ ಕುಳಿತು ಪಟ್ಟಿ ಓದಬೇಕು. ಇಷ್ಟಾದ ಮೇಲೆ 350 ಹೆಸರುಗಳು ಉಳಿದವೆನ್ನೋಣ.

ಎರಡನೆಯದು ಕ್ಯಾಲೆಂಡರಿನ ಚಿತ್ರ. ದೇವರ ಚಿತ್ರವನ್ನು ಅನ್ಯಮತೀಯರು ಗೋಡೆಗೆ ಹಾಕಲಾರರು, ಕಸಕ್ಕೆ ಎಸೆಯಲು ಸಂಕೋಚಪಡುತ್ತಾರೆ. ಭಕ್ತರಿಗೂ ವರ್ಷ ಮುಗಿದ ಮೇಲೆ ಅದನ್ನು ಏನು ಮಾಡುವುದೆಂಬ ತೊಡಕು ಇದ್ದೇ ಇದೆ. ಈ ಮಳಿಗೆಗೆ ಹೊಂದುವುದು ಅರಿಸಿನದ ತೋಟ, ಚೆಂಡುಹೂವಿನ ಹೊಲ ಅಥವಾ ಬಂಡೀಪುರದ ಆನೆಯ ಚಿತ್ರ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಚಿತ್ರ ಹಾಕುವುದಾದರೆ ದೇಗುಲದ ಬದಲು ಇಬ್ಬನಿ ಕವಿದ ಹುಲ್ಲುಗಾವಲಿನ ನೋಟವನ್ನು ಆರಿಸಬಹುದು. ರಜಾದಿನಗಳನ್ನು ಮಳಿಗೆಯವರೇ ಆಯ್ದು ಹಾಕಬಾರದು. ರಾಜ್ಯ ಸರ್ಕಾರ ಪ್ರಕಟಿಸುವ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಯಥಾವತ್ತಾಗಿ ಮುದ್ರಿಸಿದರೆ ಯಾವ ಹಬ್ಬವೂ ಮಳಿಗೆಯ ಇಚ್ಛೆಯಿಂದ ಬಿಟ್ಟುಹೋದಂತಾಗುವುದಿಲ್ಲ. ದೊಡ್ಡ ಅಂಕಿ, ಬರೆದುಕೊಳ್ಳಲು ಜಾಗ ಇದ್ದರೆ ಹಾಲು, ಕೂಲಿಯ ಲೆಕ್ಕಕ್ಕೆಂದೇ ಕ್ಯಾಲೆಂಡರ್ ಗೋಡೆಯಲ್ಲಿ ಉಳಿಯುತ್ತದೆ.

ಮೂರನೆಯದು ಸಂದೇಶದ ಒಕ್ಕಣೆ. ‘ಈ ವರ್ಷ ನಮ್ಮೊಡನೆ ವ್ಯವಹರಿಸಿದ್ದಕ್ಕೆ ಕೃತಜ್ಞತೆ. ಬರುವ ವರ್ಷ ತಮಗೆ ಒಳಿತಾಗಲಿ.’ ಇದರಲ್ಲಿ ಹಬ್ಬದ ಹೆಸರಿಲ್ಲ, ಸಂಭ್ರಮದ ಊಹೆಯಿಲ್ಲ, ಜನವರಿ 1ನ್ನು ಒಪ್ಪಿಕೊಳ್ಳಬೇಕೆಂಬ ಒತ್ತಾಯವೂ ಇಲ್ಲ. ವೆಚ್ಚದ ದೃಷ್ಟಿಯಿಂದಲೂ ಒಂದೇ ಒಕ್ಕಣೆ ಲಾಭಕರ. ಕನ್ನಡ ಲಿಪಿಯ ಎಸ್.ಎಂ.ಎಸ್. ಒಂದಕ್ಕೆ 70 ಸ್ಥಾನಗಳು ಮಾತ್ರ. ಗುಣಿತ ಚಿಹ್ನೆ, ಒತ್ತಕ್ಷರಗಳು ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ಮೇಲಿನ ಎರಡು ವಾಕ್ಯಗಳೇ ಸುಮಾರು 67 ಸ್ಥಾನ ಹಿಡಿಯುತ್ತವೆ. ಮಳಿಗೆಯ ಹೆಸರು ಸೇರಿದರೆ ಪ್ರತಿ ಗ್ರಾಹಕನಿಗೆ ಎರಡು ಸಂದೇಶಗಳ ದರ ಬೀಳುತ್ತದೆ. ಅಲ್ಲದೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಡಿ ಸಂಸ್ಥೆಗಳು ಸಾಮೂಹಿಕವಾಗಿ ಕಳುಹಿಸುವ ಸಂದೇಶದ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕು. ಆರು ಮತಗಳಿಗೆ ಆರು ಒಕ್ಕಣೆಗಳೆಂದರೆ ಆರು ನೋಂದಣಿಗಳು.

ಶುಭಾಶಯದೊಡನೆ ಬಾಕಿಯ ನೆನಪೋಲೆಯನ್ನು ಸೇರಿಸಬಾರದು. ಬಾಕಿ ದೃಢೀಕರಣ ಪತ್ರಕ್ಕೆ ಮಾರ್ಚ್ 31ರ ಸಂದರ್ಭವಿದೆ. ಎರಡೂ ಒಂದೇ ಕಾಗದದಲ್ಲಿದ್ದರೆ ಗ್ರಾಹಕನು ಓದುವುದು ಬಾಕಿಯನ್ನು ಮಾತ್ರ.

ಕೇಳುವುದಾದರೆ ಏನನ್ನು ಕೇಳಬೇಕು?

ಹಬ್ಬದ ಶುಭಾಶಯವನ್ನು ನಿಜವಾಗಿಯೂ ಬಯಸುವ ಗ್ರಾಹಕರಿದ್ದಾರೆ. ಅವರನ್ನು ಊಹೆಯಿಂದಲ್ಲ, ಕೇಳಿಯೇ ತಿಳಿಯಬೇಕು. ಖಾತೆ ತೆರೆಯುವ ನಮೂನೆಯಲ್ಲಿ ‘ತಮ್ಮ ಮತ’ ಎಂಬ ಕಾಲಂ ಬೇಡ. ಅದರ ಬದಲು ‘ನಮ್ಮಿಂದ ಯಾವ ಸಂದರ್ಭದಲ್ಲಿ ಶುಭಾಶಯ ಬಯಸುತ್ತೀರಿ?’ ಎಂಬ ಸಾಲು, ಮುಂದೆ ಖಾಲಿ ಜಾಗ, ‘ಬೇಡ’ ಎಂಬ ಆಯ್ಕೆ ಸಾಕು. ಮಾರ್ಟಳ್ಳಿಯ ಗ್ರಾಹಕರೊಬ್ಬರು ಅಲ್ಲಿ ಪೊಂಗಲ್ ಎಂದು ಬರೆಯಬಹುದು, ಕೇರಳದ ವರ್ತಕರೊಬ್ಬರು ಮತ ಯಾವುದೇ ಇರಲಿ ಓಣಂ ಎಂದು ಬರೆಯಬಹುದು. ಜಾಗ ಖಾಲಿ ಬಿಟ್ಟವರಿಗೆ ಸಾಮಾನ್ಯ ಶುಭಾಶಯವೇ ಸಲ್ಲಬೇಕು. ಖಾಲಿ ಜಾಗವನ್ನು ಗುಮಾಸ್ತರು ತಮ್ಮ ತಿಳಿವಳಿಕೆಯಿಂದ ತುಂಬಬಾರದು. ವ್ಯಕ್ತಿಯ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಯಿತೋ ಅದಕ್ಕೇ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಹೌದು. 350 ಜನರಲ್ಲಿ 60 ಮಂದಿ ಉತ್ತರಿಸಿದರೂ ಆ 60 ಶುಭಾಶಯಗಳು ಊಹೆಯಿಲ್ಲದವು.

ಮಿತಿ ಮತ್ತು ಪರೀಕ್ಷೆ

ಸಾಮಾನ್ಯ ಒಕ್ಕಣೆ ಸ್ವಲ್ಪ ಶುಷ್ಕವಾಗಿ ತೋರುತ್ತದೆಂಬುದು ನಿಜ. ಇಪ್ಪತ್ತು ವರ್ಷಗಳ ಪರಿಚಯದ ಗ್ರಾಹಕರ ಮನೆಗೆ ರಂಜಾನ್‌ಗೋ ಕ್ರಿಸ್‌ಮಸ್‌ಗೋ ಸ್ವತಃ ಹೋಗಿ ಬರುವ ವರ್ತಕನ ಸ್ನೇಹಕ್ಕೆ ಅದು ಬದಲಿಯಾಗಲಾರದು, ಆಗಬೇಕಾಗಿಯೂ ಇಲ್ಲ. ಆ ಭೇಟಿ ಪರಿಚಯದ ಮೇಲೆ ನಿಂತಿದೆ. ಪಟ್ಟಿಗೆ ಹೋಗುವ ಶುಭಾಶಯ ಆ ಪರಿಚಯವನ್ನು ನಟಿಸಬಾರದು ಅಷ್ಟೆ.

ಫಲಿತಾಂಶ ತಿಳಿಯಲು ದುಬಾರಿ ಸಮೀಕ್ಷೆ ಬೇಕಿಲ್ಲ. ಫೆಬ್ರುವರಿ, ಮಾರ್ಚ್ ತಿಂಗಳ ವಸೂಲಿ ಪ್ರವಾಸದಲ್ಲಿ ಗುಮಾಸ್ತರು ತಾವು ಭೇಟಿಯಿತ್ತ ಪ್ರತಿ ಮಳಿಗೆ, ಮನೆಯ ಗೋಡೆಯನ್ನು ಗಮನಿಸಿ, ಕ್ಯಾಲೆಂಡರ್ ತೂಗುಹಾಕಿದೆಯೇ ಎಂದು ಭೇಟಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಏಕೆ ಹಾಕಿಲ್ಲವೆಂದು ಕೇಳುವ ಅಗತ್ಯವಿಲ್ಲ. ಮೂವತ್ತು ನಲವತ್ತು ಗೋಡೆಗಳ ಲೆಕ್ಕ ಸಿಕ್ಕರೆ, ಮುಂದಿನ ಆಗಸ್ಟ್‌ನಲ್ಲಿ ಏಜೆಂಟರು ಆಲ್ಬಮ್ ತೆರೆದಾಗ ಯಾವ ಚಿತ್ರವನ್ನು ಆರಿಸಬೇಕೆಂಬುದಕ್ಕೆ ಆ ಪುಸ್ತಕವೇ ಆಧಾರವಾಗುತ್ತದೆ.