ಸೆಪ್ಟೆಂಬರ್ 17ರ ಸಾಲು

ಸ್ಪರ್ಧಾತ್ಮಕ ಪರೀಕ್ಷೆಗೆ ಇತಿಹಾಸವನ್ನು ಕೊನೆಯ ಬಾರಿ ಮನನ ಮಾಡಿಕೊಳ್ಳುವ ಅಭ್ಯರ್ಥಿಗಳು ಸಿದ್ಧಪಡಿಸಿಕೊಳ್ಳುವ ಕೋಷ್ಟಕದಲ್ಲಿ ಸಾಮಾನ್ಯವಾಗಿ ಪ್ರತಿ ಘಟನೆಯ ಮುಂದೆ ಇಸವಿ, ಕಾರಣ, ಪರಿಣಾಮ, ಮಹತ್ವ ಎಂಬ ನಾಲ್ಕು ಅಂಕಣಗಳಿರುತ್ತವೆ. ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯಲ್ಲಿರುವ ಬಿಡಕಿನ್ ಊರಿನಲ್ಲಿ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಓದುವವರ ಕೋಷ್ಟಕದಲ್ಲೂ, ಕಲಬುರಗಿಯಲ್ಲಿ ಕರ್ನಾಟಕ ಲೋಕಸೇವಾ ಆಯೋಗದ ಪರೀಕ್ಷೆಗೆ ಓದುವವರ ಕೋಷ್ಟಕದಲ್ಲೂ ತಪ್ಪದೆ ಇರಬೇಕಾದ ಸಾಲೆಂದರೆ ಹೈದರಾಬಾದ್ ಸಂಸ್ಥಾನದ ವಿಲೀನ. ಏಕೆಂದರೆ 1948ರವರೆಗೆ ಈ ಎರಡೂ ಊರುಗಳು ನಿಜಾಮನ ಆಳ್ವಿಕೆಯಲ್ಲೇ ಇದ್ದವು. ಮೊದಲ ಮೂರು ಅಂಕಣಗಳಲ್ಲಿ ಇಬ್ಬರೂ ಬರೆಯಬೇಕಾದದ್ದು ಒಂದೇ. ನಾಲ್ಕನೆಯದರಲ್ಲಿ ಮಾತ್ರ ಬರಹ ಕವಲೊಡೆಯುತ್ತದೆ, ಮತ್ತು ಆ ಕವಲು ಹೇಗೆ ಹುಟ್ಟಿತೆಂಬುದು ತಿಳಿಯದಿದ್ದರೆ ಇಡೀ ಸಾಲು ಬರಿಯ ಬಾಯಿಪಾಠವಾಗಿ ಉಳಿಯುತ್ತದೆ.

ಇಸವಿಯ ಅಂಕಣ ಸುಲಭವೆಂದು ತೋರಿದರೂ ಅಲ್ಲಿ ಮೂರು ದಿನಾಂಕಗಳು ಒಂದರೊಡನೊಂದು ಬೆರೆಯುವ ಅಪಾಯವಿದೆ. ಭಾರತೀಯ ಸೇನೆ ಸಂಸ್ಥಾನದ ಗಡಿ ದಾಟಿದ್ದು 1948ರ ಸೆಪ್ಟೆಂಬರ್ 13ರಂದು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನವಿರಾಮ ಘೋಷಿಸಿದ್ದು 17ರಂದು. ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಅವರು ಮೇಜರ್ ಜನರಲ್ ಜೆ. ಎನ್. ಚೌಧರಿ ಅವರ ಮುಂದೆ ವಿಧಿವತ್ತಾಗಿ ಶರಣಾದದ್ದು 18ರಂದು. ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನವೂ ಕರ್ನಾಟಕದಲ್ಲಿ ಕಲ್ಯಾಣ ಕರ್ನಾಟಕ ಉತ್ಸವವೂ ನಡುವಿನ ದಿನವನ್ನೇ ಆಧರಿಸಿರುವುದರಿಂದ ಕೋಷ್ಟಕದಲ್ಲಿ 17 ಮುಖ್ಯವಾಗುತ್ತದೆ. ಆದರೆ ಕಾರ್ಯಾಚರಣೆ ಆರಂಭವಾದ ದಿನವನ್ನು ಕೇಳಿದ ಪ್ರಶ್ನೆಗೆ ಅದೇ ಉತ್ತರ ಬರೆದರೆ ಅಂಕ ಹೋಗುತ್ತದೆ.

ಕಾರಣದ ಅಂಕಣದಲ್ಲಿ ಹೆಚ್ಚಿನವರು ರಜಾಕಾರರ ಹಾವಳಿ ಎಂದು ಬರೆದು ಮುಗಿಸುತ್ತಾರೆ. ಲಾತೂರಿನ ವಕೀಲ ಖಾಸಿಂ ರಜ್ವಿಯ ನಾಯಕತ್ವದ ಆ ಖಾಸಗಿ ಪಡೆಯ ದೌರ್ಜನ್ಯ ನಿಜವಾಗಿಯೂ ಕಾರಣವೇ ಹೌದು, ಆದರೆ ಅದು ತಕ್ಷಣದ ಕಾರಣ. ಅದರ ಹಿಂದೆ ಹತ್ತು ವರ್ಷಗಳ ಕಾಲ ಹಬ್ಬಿದ ಇನ್ನೊಂದು ಎಳೆಯಿದೆ. ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರು ಆರಿಸಿದ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರಕ್ಕಾಗಿ, 1938ರಲ್ಲಿ ರೂಪುಗೊಂಡ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ವಿಧಿವತ್ತಾಗಿ ಕೆಲಸ ಆರಂಭಿಸುವ ಮುನ್ನವೇ ನಿಷೇಧಕ್ಕೊಳಗಾಯಿತು, ಮತ್ತು ಆ ನಿಷೇಧ 1946ರವರೆಗೂ ಮುಂದುವರಿಯಿತು. ಅದೇ 1938ರಲ್ಲಿ ಔರಂಗಾಬಾದಿನ, ಅಂದರೆ ಇಂದಿನ ಸಂಭಾಜಿನಗರದ, ಇಂಟರ್‌ಮೀಡಿಯೆಟ್ ಕಾಲೇಜಿನ ವಿದ್ಯಾರ್ಥಿಗಳು ವಂದೇ ಮಾತರಂ ಹಾಡುವ ಹಕ್ಕಿಗಾಗಿ ಹೂಡಿದ ಚಳವಳಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೂ ಹಬ್ಬಿ, ಅಲ್ಲಿಂದ ಹೊರಹಾಕಲ್ಪಟ್ಟವರಲ್ಲಿ ಹಲವರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು, ಪಿ. ವಿ. ನರಸಿಂಹರಾವ್ ಅವರಲ್ಲೊಬ್ಬರು. ಈ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು 1903ರಲ್ಲಿ, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಕನ್ನಡ ನಾಡಿನಲ್ಲಿ ಹುಟ್ಟಿ ಮರಾಠವಾಡದ ನಾಯಕರಾದ ಅವರು ಎರಡೂ ರಾಜ್ಯಗಳ ಅಭ್ಯರ್ಥಿಗಳ ಕೋಷ್ಟಕದಲ್ಲಿ ಬರಬೇಕಾದ ಹೆಸರು.

ಈ ಎಳೆ 1947ರಲ್ಲಿ ಬಿಕ್ಕಟ್ಟಾಗಿ ಬಲಿಯಿತು. ಬ್ರಿಟಿಷರು ಹೊರಟುಹೋದ ಮೇಲೆ ತಾನು ಸ್ವತಂತ್ರನಾಗಿರುವುದಾಗಿ ನಿಜಾಮ ಜೂನ್ ತಿಂಗಳಲ್ಲೇ ಸಾರಿದ್ದ. ನವೆಂಬರ್ 29ರಂದು ಭಾರತ ಸರ್ಕಾರದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ, ಅಂದರೆ ಹಳೆಯ ಆಡಳಿತ ಸಂಬಂಧಗಳನ್ನೇ ಒಂದು ವರ್ಷದ ಮಟ್ಟಿಗೆ ಮುಂದುವರಿಸುವ ಒಪ್ಪಂದಕ್ಕೆ, ಸಹಿ ಹಾಕಿದ. ಅದು ವಿಲೀನವಲ್ಲ, ವಿಲೀನದ ಪ್ರಶ್ನೆಯನ್ನು ಮುಂದೂಡುವ ಏರ್ಪಾಡು ಎಂಬುದನ್ನು ಗಮನಿಸದೆ ಅದನ್ನು ಪರಿಣಾಮದ ಅಂಕಣಕ್ಕೆ ಹಾಕುವ ತಪ್ಪು ಹಲವು ಟಿಪ್ಪಣಿಗಳಲ್ಲಿ ನುಸುಳುತ್ತದೆ. ಸಂಸ್ಥಾನವು ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿದೆಯೆಂದು ಭಾರತ, ಭಾರತ ತನ್ನ ಮೇಲೆ ಆರ್ಥಿಕ ದಿಗ್ಬಂಧನ ಹೇರಿದೆಯೆಂದು ಸಂಸ್ಥಾನ ಪರಸ್ಪರ ದೂರುತ್ತಿರುವಾಗಲೇ ಒಪ್ಪಂದ ಮುರಿದುಬಿತ್ತು. 1948ರ ಆಗಸ್ಟ್ 21ರಂದು ಸಂಸ್ಥಾನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಂಡೊಯ್ದಿತು. ಸೈನ್ಯ ಬಳಸಿ ನಡೆಸಿದ ಕ್ರಮವನ್ನು ಭಾರತ ‘ಪೊಲೀಸ್ ಕಾರ್ಯಾಚರಣೆ’ ಎಂದೇ ಕರೆದದ್ದು ಇದು ದೇಶದ ಒಳಗಿನ ವಿಷಯವೆಂಬ ನಿಲುವಿಗೆ ಹೊಂದುವಂತಿತ್ತು.

ಪರಿಣಾಮದ ಅಂಕಣದಲ್ಲಿ ಬರೆಯಬೇಕಾದದ್ದು ಆ ಘಟನೆ ತನ್ನಷ್ಟಕ್ಕೆ ತಾನೇ ತಂದ ಬದಲಾವಣೆಯನ್ನು ಮಾತ್ರ: ಸಂಸ್ಥಾನದ ಸೈನ್ಯ ಶರಣಾಯಿತು, ರಜಾಕಾರ ಪಡೆ ಚದುರಿತು, ಚೌಧರಿ ಅವರ ಮಿಲಿಟರಿ ಆಡಳಿತ ಬಂದಿತು, 1950ರ ಜನವರಿ 26ರಂದು ನಿಜಾಮನೇ ಹೈದರಾಬಾದ್ ರಾಜ್ಯದ ರಾಜಪ್ರಮುಖನಾದ. ಇದೇ ಅಂಕಣದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ, ಆದರೆ ಬಿಡಬಾರದ ಒಂದು ಸಂಗತಿಯಿದೆ. ಕಾರ್ಯಾಚರಣೆಯ ಹೊತ್ತಿನಲ್ಲೂ ಅನಂತರವೂ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಲು ನೆಹರೂ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜು ಮಾಡಿ, ಉಸ್ಮಾನಾಬಾದ್, ನಾಂದೇಡ್‌ಗಳ ಜೊತೆಗೆ ಗುಲ್ಬರ್ಗ, ಬೀದರ್ ಜಿಲ್ಲೆಗಳನ್ನೂ ಹೆಚ್ಚು ನೊಂದ ಜಿಲ್ಲೆಗಳೆಂದು ಗುರುತಿಸಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ರಜಾಕಾರರ ಹಿಂಸೆಯನ್ನು ಕಾರಣದಲ್ಲಿ ಬರೆದು ಈ ಹಿಂಸೆಯನ್ನು ಪರಿಣಾಮದಲ್ಲಿ ಬರೆಯದ ಸಾಲು ಅರ್ಧ ಸಾಲು ಮಾತ್ರ.

1956ರ ರಾಜ್ಯ ಪುನರ್ವಿಂಗಡಣೆಯನ್ನು ಹಲವರು ಪರಿಣಾಮದಲ್ಲೇ ಸೇರಿಸಿಬಿಡುತ್ತಾರೆ. ಅದಕ್ಕೆ ತನ್ನದೇ ಕಾರಣಗಳೂ ಕಾಯ್ದೆಯೂ ಇರುವುದರಿಂದ ಅದು ಬೇರೆಯೇ ಸಾಲಾಗಬೇಕು. 1948ರ ಸಾಲಿನಲ್ಲಿ ಅದಕ್ಕೆ ಸ್ಥಾನವಿರುವುದು ಮಹತ್ವದ ಅಂಕಣದಲ್ಲಿ. ಒಂದು ಘಟನೆ ನಡೆಯದಿದ್ದರೆ ಮುಂದಿನ ಯಾವ ಘಟನೆ ಸಾಧ್ಯವಾಗುತ್ತಿರಲಿಲ್ಲವೋ ಅದನ್ನು ಹೇಳುವ ಜಾಗವೇ ಮಹತ್ವ. ಭಾರತದ ಒಳಗೆ ಸೇರಿದ್ದರಿಂದಲೇ ಸಂಸ್ಥಾನದ 16 ಜಿಲ್ಲೆಗಳನ್ನು ಭಾಷೆಗನುಗುಣವಾಗಿ ಹಂಚಲು ಸಾಧ್ಯವಾಯಿತು: 1956ರ ನವೆಂಬರ್ 1ರಂದು ಮರಾಠಿಯ ಐದು ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ, ಕನ್ನಡದ ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ, ತೆಲಂಗಾಣ ಆಂಧ್ರಪ್ರದೇಶಕ್ಕೆ ಹೋದವು, ಬೀದರಿನಂಥ ಜಿಲ್ಲೆಯ ಕೆಲವು ತಾಲ್ಲೂಕುಗಳೂ ಭಾಷೆಯ ಗೆರೆಯ ಮೇಲೆ ಬೇರೆಯಾದವು.

ಕವಲು ಇಲ್ಲಿಂದಲೇ ಆರಂಭ. ಬಿಡಕಿನ್‌ನ ಅಭ್ಯರ್ಥಿ ಇದರ ಮುಂದೆ, ಮರಾಠವಾಡಾ ಮತ್ತು ವಿದರ್ಭಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಗಳ ಅವಕಾಶ ಕೊಡುವ ಸಂವಿಧಾನದ 371ನೇ ವಿಧಿಯ ಎರಡನೆಯ ಉಪವಿಧಿಯನ್ನು ಬರೆಯುತ್ತಾನೆ. ಕಲಬುರಗಿಯ ಅಭ್ಯರ್ಥಿ 98ನೇ ತಿದ್ದುಪಡಿಯ ಮೂಲಕ ಬಂದ 371ಜೆ ವಿಧಿಯನ್ನು ಬರೆಯುತ್ತಾಳೆ. ಸ್ಥಳೀಯರಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿ ಒದಗಿಸುವ ಅವಕಾಶ ಅದರಲ್ಲಿರುವುದರಿಂದ, ಆಕೆ ಬರೆಯುತ್ತಿರುವ ಪರೀಕ್ಷೆಯ ಹುದ್ದೆಗಳ ಹಂಚಿಕೆಯೇ ಆ ಸಾಲಿನ ಕೊನೆಯ ಅಂಕಣದಿಂದ ಹುಟ್ಟಿದೆ ಎನ್ನಬಹುದು. ಆದರೂ ಅಲ್ಲೊಂದು ಎಚ್ಚರಿಕೆ ಬೇಕು. 371ಜೆ ಅನ್ವಯವಾಗುವ ಜಿಲ್ಲೆಗಳಲ್ಲಿ ಬಳ್ಳಾರಿಯೂ ಇದೆ. ಅದು ನಿಜಾಮನ ಸಂಸ್ಥಾನದಲ್ಲಿದ್ದ ಜಿಲ್ಲೆಯಲ್ಲ, ಮದ್ರಾಸ್ ರಾಜ್ಯದಿಂದ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದ ಜಿಲ್ಲೆ. ಹಾಗಾಗಿ ಬಳ್ಳಾರಿಗೆ 371ಜೆ ಬಂದದ್ದನ್ನು 1948ರ ಸಾಲಿನಿಂದ ವಿವರಿಸಲಾಗದು; ಅದರ ಸಾಲು ಆಂಧ್ರ ರಾಜ್ಯದ ಉದಯದಿಂದ ಆರಂಭವಾಗಬೇಕು.