ಪಕ್ಕದವರ ಕೈಯಲ್ಲಿ ಬೇರೆ ಪ್ರಶ್ನೆಪತ್ರಿಕೆ

ಪರೀಕ್ಷೆಯ ಬೆಳಿಗ್ಗೆ ಎಂಜಿನಿಯರಿಂಗ್ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ವಿದ್ಯಾರ್ಥಿಗಳು ಮುಗಿಬೀಳುವುದು ತಮ್ಮ ಕೊಠಡಿ, ಬೆಂಚು ಯಾವುದೆಂದು ನೋಡಲು. ಆ ಪಟ್ಟಿ ಸರಿಯಾಗಿದ್ದರೆ ನಕಲಿಗೆ ಅರ್ಧ ದಾರಿ ಅಲ್ಲೇ ಮುಚ್ಚಿಹೋಗುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರತಿ ವಿದ್ಯಾರ್ಥಿಗೂ ಹತ್ತು ಅಕ್ಷರ-ಅಂಕಿಗಳ ಯುಎಸ್‌ಎನ್ ಇರುತ್ತದೆ. 1XX22CS007 ಎಂಬಂಥ ಸಂಖ್ಯೆಯಲ್ಲಿ ಮೊದಲ ಅಂಕಿ ಪ್ರಾದೇಶಿಕ ವಲಯ, XX ಇರುವಲ್ಲಿ ಕಾಲೇಜಿನ ಸಂಕೇತ, 22 ಸೇರಿದ ವರ್ಷ, CS ವಿಭಾಗ, ಕೊನೆಯ ಮೂರು ಅಂಕಿ ಕ್ರಮಸಂಖ್ಯೆ. ಆಸನ ಹಂಚುವವರು ನೆಚ್ಚಿಕೊಳ್ಳುವುದು ಈ ಕೊನೆಯ ಎರಡು ಭಾಗಗಳನ್ನು.

ಒಂದು ಲೆಕ್ಕ ಮಾಡಿ ನೋಡೋಣ. ಕೊಠಡಿಯಲ್ಲಿ ಮೂರು ಸಾಲು ಬೆಂಚು, ಸಾಲಿಗೆ ಆರು, ಬೆಂಚಿಗೆ ಇಬ್ಬರು: ಒಟ್ಟು 36 ಜಾಗ. ಒಂದೊಂದು ವಿಭಾಗದಲ್ಲಿ 63 ಮಂದಿಯಂತೆ ನಾಲ್ಕು ವಿಭಾಗಗಳಿಂದ 252 ಮಂದಿ. ಏಳು ಕೊಠಡಿ ಬೇಕು.

ಎರಡೇ ವಿಷಯಗಳಿದ್ದರೆ ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ಕೂರಿಸಬಹುದು. ಆಗ ಪಕ್ಕದಲ್ಲೂ ಮುಂದೆಯೂ ಬೇರೆ ವಿಷಯದವರು ಸಿಗುತ್ತಾರೆ. ಆದರೆ ಓರೆಯಾಗಿ ಮುಂದೆ ಕೂತವನು ಅದೇ ವಿಷಯದವನು. ಸುಲಭವಾಗಿ ಕಣ್ಣು ಹಾಯುವುದು ಅಲ್ಲಿಗೇ. ಓರೆ ದಿಕ್ಕನ್ನೂ ತಪ್ಪಿಸಲು ನಾಲ್ಕು ವಿಷಯಗಳು ಬೇಕು, ನಾಲ್ಕು ಸಾಕು ಕೂಡ:

```
CS EC | CS EC | CS EC
ME CV | ME CV | ME CV
```

ಈ ಎರಡು ಅಡ್ಡಸಾಲುಗಳು ಹಿಂದಿನವರೆಗೆ ಹೀಗೇ ಮರುಕಳಿಸುತ್ತವೆ. ಯಾವ ಜಾಗದ ಸುತ್ತ ನೋಡಿದರೂ, ಓರೆಯೂ ಸೇರಿ ಎಂಟು ದಿಕ್ಕಿನಲ್ಲಿ, ಅದೇ ವಿಭಾಗದವರು ಯಾರೂ ಇಲ್ಲ. ಕೊಠಡಿಗೆ ವಿಭಾಗವೊಂದರಿಂದ ಒಂಬತ್ತು ಮಂದಿ.

ಆ ಒಂಬತ್ತು ಮಂದಿ ಯಾರು? 1ರಿಂದ 9ರವರೆಗೆ ಒಂದೇ ಕೊಠಡಿಗೆ ಕಳಿಸಿದರೆ ತಪ್ಪಾಗುತ್ತದೆ. ಲ್ಯಾಬ್ ಬ್ಯಾಚ್‌ಗಳನ್ನು ಸಾಮಾನ್ಯವಾಗಿ ಕ್ರಮಸಂಖ್ಯೆಯ ಪ್ರಕಾರವೇ ಮಾಡುವುದರಿಂದ, ಅಕ್ಕಪಕ್ಕದ ಸಂಖ್ಯೆಯವರು ಜೊತೆಯಲ್ಲೇ ಕೆಲಸ ಮಾಡಿ ಸ್ನೇಹಿತರಾಗಿರುತ್ತಾರೆ. ಎರಡು ಬೆಂಚು ದೂರವಿದ್ದರೂ ಬೆರಳೆತ್ತಿ ಉತ್ತರ ಹೇಳಬಲ್ಲರು. ಅದಕ್ಕೆ ಏಳೇಳು ಹಾರಿಸಬೇಕು: ಮೊದಲ ಕೊಠಡಿಗೆ 1, 8, 15, 22, ಎರಡನೆಯದಕ್ಕೆ 2, 9, 16, 23. ಎಕ್ಸೆಲ್‌ನಲ್ಲಿ ಒಂದೇ ಸೂತ್ರ ಸಾಕು:

```
=MOD(A2-1,7)+1
```

A2ರಲ್ಲಿ ಹತ್ತನೆಯವನಿದ್ದರೆ ಉತ್ತರ 3, ಅಂದರೆ ಮೂರನೇ ಕೊಠಡಿ. ಇಲ್ಲಿ ಯುಎಸ್‌ಎನ್‌ನ ಕೊನೆಯ ಅಂಕಿಗಳನ್ನೇ ಹಾಕಬಾರದು. ಕಾಲೇಜು ಬಿಟ್ಟವರ ಸಂಖ್ಯೆಗಳು ಖಾಲಿ ಇರುತ್ತವೆ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರ ಸಂಖ್ಯೆ 400ರಿಂದ ಶುರುವಾಗುತ್ತದೆ. ಪರೀಕ್ಷೆ ಬರೆಯುವವರ ಪಟ್ಟಿಗೆ ಹೊಸದಾಗಿ 1, 2, 3 ಎಂದು ಸಂಖ್ಯೆ ಕೊಟ್ಟುಕೊಳ್ಳಬೇಕು.

ದೊಡ್ಡ ಎಡವಟ್ಟು ಆಗುವುದು ವಿಭಾಗ ಬೇರೆಯಾದರೆ ಪ್ರಶ್ನೆಪತ್ರಿಕೆಯೂ ಬೇರೆ ಎಂದು ನಂಬುವುದರಿಂದ. ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಶನ್ ಸೈನ್ಸ್ ವಿಭಾಗಗಳಿಗೆ ಹಲವು ವಿಷಯಗಳು ಒಂದೇ. CS, IS ಎಂದು ಅಕ್ಷರ ನೋಡಿ ಒಂದೇ ಬೆಂಚಿಗೆ ಕೂರಿಸಿದರೆ ಕಾಗದದ ಮೇಲೆ ಎಲ್ಲ ಅಚ್ಚುಕಟ್ಟು. ಬೆಂಚಿನ ಮೇಲೆ ಇಬ್ಬರ ಮುಂದೆಯೂ ಒಂದೇ ಪತ್ರಿಕೆ. ಆದ್ದರಿಂದ ವಿಂಗಡಿಸಬೇಕಾದದ್ದು ಆ ದಿನದ ವಿಷಯದ ಕೋಡ್ ಹಿಡಿದು.

ಎಲ್ಲರಿಗೂ ಒಂದೇ ವಿಷಯವಿರುವ ದಿನ ಈ ಹಂಚಿಕೆಗೆ ಬಲವಿಲ್ಲ. ಆಗ ಬೆಂಚಿಗೊಬ್ಬರನ್ನು ಕೂರಿಸಬೇಕು, ಇಲ್ಲವೇ ಸಿಇಟಿಯಲ್ಲಿ ಮಾಡುವಂತೆ ಪ್ರಶ್ನೆಗಳ ಕ್ರಮ ಬದಲಿಸಿದ ಬೇರೆಬೇರೆ ವರ್ಷನ್‌ಗಳನ್ನು ಕೊಡಬೇಕು. ಆಯ್ಕೆ ಪ್ರಶ್ನೆಗಳಿಗೆ ಇದು ಒಗ್ಗುತ್ತದೆ; ಪುಟಗಟ್ಟಲೆ ಬರೆಯುವ ಉತ್ತರಗಳಿಗೆ ಕ್ರಮ ಬದಲಾವಣೆಯಿಂದ ಪ್ರಯೋಜನ ಕಡಿಮೆ.

ಬೆರೆಸಿ ಕೂರಿಸುವುದಕ್ಕೆ ಬೆಲೆಯೂ ಇದೆ. ಪ್ರತಿ ಕೊಠಡಿಗೆ ನಾಲ್ಕು ಬಗೆಯ ಪತ್ರಿಕೆಗಳನ್ನು ಎಣಿಸಿ ಕಟ್ಟಬೇಕು. ಮೇಲ್ವಿಚಾರಕರು ಅವಸರಪಟ್ಟರೆ ಒಬ್ಬನ ಪತ್ರಿಕೆ ಇನ್ನೊಬ್ಬನಿಗೆ ಹೋಗುತ್ತದೆ. ಪ್ರಶ್ನೆಯಲ್ಲಿ ತಪ್ಪಿದ್ದರೆ ತಿದ್ದುಪಡಿ ಏಳೂ ಕೊಠಡಿಗೆ ಮುಟ್ಟಬೇಕು. ಗೈರಾದವರ ಜಾಗ ಖಾಲಿಯೇ ಇರಬೇಕು. ಹಿಂದಿನವರನ್ನು ಮುಂದೆ ಕರೆದು ತುಂಬಿದರೆ ಇಡೀ ವಿನ್ಯಾಸ ಕೆಡುತ್ತದೆ. ಹಿಂದಿನ ಸಂಜೆಯೇ ಬೆಂಚಿನ ಮೇಲೆ ಸಂಖ್ಯೆ ಬರೆದಿಟ್ಟರೆ ಅಲ್ಲೇ ಉತ್ತರ ಗೀಚಿಡಲು ಅವಕಾಶ ಕೊಟ್ಟಂತೆ.

ಪರೀಕ್ಷೆ ಮುಗಿದ ಮೇಲೂ ಆಸನ ನಕ್ಷೆಯನ್ನು ಎಸೆಯಬಾರದು. ಮೌಲ್ಯಮಾಪನದಲ್ಲಿ ಎರಡು ಉತ್ತರಪತ್ರಿಕೆಗಳಲ್ಲಿ ಒಂದೇ ವಿಚಿತ್ರ ತಪ್ಪು ಒಂದೇ ಹೆಜ್ಜೆಯಲ್ಲಿ ಕಂಡರೆ, ಅವರಿಬ್ಬರು ಎಲ್ಲಿ ಕೂತಿದ್ದರೆಂದು ಹೇಳುವುದು ಅದೇ. ಸರಿ ಉತ್ತರ ಎಲ್ಲರದೂ ಒಂದೇ ಇರಬಹುದು. ತಪ್ಪುಗಳ ಹೋಲಿಕೆಯೇ ಸುಳಿವು. ಇಬ್ಬರೂ ದೂರ ಕೂತಿದ್ದರೆ ಒಬ್ಬರೇ ಹೇಳಿಕೊಟ್ಟ ಪಾಠವೂ ಕಾರಣವಿದ್ದೀತು. ಆತುರದ ಆರೋಪ ತಪ್ಪುತ್ತದೆ.

ಬಟ್ಟೆಯೊಳಗಿನ ಚೀಟಿ, ಸೋರಿದ ಪ್ರಶ್ನೆಪತ್ರಿಕೆ ಇವನ್ನು ಯಾವ ಆಸನ ನಕ್ಷೆಯೂ ತಡೆಯಲಾರದು. ಆದರೆ ಓದಿ ಬಂದ ಹುಡುಗಿಗೆ ಪಕ್ಕದಿಂದ "ತೋರಿಸೇ" ಎಂಬ ಕಾಟ ತಪ್ಪಿಸುವುದು ಅದರಿಂದ ಸಾಧ್ಯ. ಪರೀಕ್ಷಾ ವಿಭಾಗದವರು ಪಟ್ಟಿ ಅಂಟಿಸುವ ಮುನ್ನ ಪ್ರತಿ ಬೆಂಚಿನ ವಿಷಯದ ಕೋಡ್‌ಗಳನ್ನು ಒಮ್ಮೆ ತಾಳೆ ನೋಡಲಿ.