ರೇಷ್ಮೆ ಹುಳು ಸಾಕಣೆ ಮನೆಯ ಉಷ್ಣಾಂಶ

ರೇಷ್ಮೆ ಹುಳು ಸಾಕಣೆ ಮನೆಯ ಉಷ್ಣಾಂಶ ಎಂದರೆ, ಹಿಪ್ಪುನೇರಳೆ ಸೊಪ್ಪು ತಿನ್ನುವ ರೇಷ್ಮೆ ಹುಳುವಿಗೆ ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಒದಗಿಸಬೇಕಾದ ಗಾಳಿಯ ಶಾಖದ ಮಟ್ಟ. ರೇಷ್ಮೆ ಹುಳು ಶೀತರಕ್ತದ ಜೀವಿ. ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಕೋಣೆಯ ಗಾಳಿ ಕಾದಷ್ಟು ಅದರ ಮೈಯೂ ಕಾಯುತ್ತದೆ. ಸಾವಿರಾರು ವರ್ಷಗಳಿಂದ ಮನೆಯೊಳಗೇ ಸಾಕಲ್ಪಟ್ಟ ಈ ಹುಳು ನೆರಳನ್ನು ಹುಡುಕಿಕೊಂಡು ಹೋಗುವ ಗುಣವನ್ನೂ ಬಹುಮಟ್ಟಿಗೆ ಕಳೆದುಕೊಂಡಿದೆ. ಆದ್ದರಿಂದ ಅದಕ್ಕೆ ತಕ್ಕ ಹವೆಯನ್ನು ಒದಗಿಸುವ ಹೊಣೆ ಸಂಪೂರ್ಣವಾಗಿ ಸಾಕುವವರದು.

== ಬೆಂಗಳೂರಿನ ಹಿನ್ನೆಲೆ ==

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ಪರಿಣತರ ನೆರವಿನಿಂದ ಬೆಂಗಳೂರಿನ ದಕ್ಷಿಣದಂಚಿನಲ್ಲಿ ಒಂದು ರೇಷ್ಮೆ ತೋಟವನ್ನು ಸ್ಥಾಪಿಸಿದರು. ಬಸವನಗುಡಿಗೂ ಬನಶಂಕರಿಗೂ ನಡುವಣ ಆ ಪ್ರದೇಶವನ್ನು ಜನರು ಇಂದಿಗೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಕರೆಯುತ್ತಾರೆ. ಹಿಪ್ಪುನೇರಳೆ ಮಾತ್ರ ಅಲ್ಲಿಲ್ಲ. 1948ರ ಕಾಯಿದೆಯಿಂದ ಸ್ಥಾಪಿತವಾದ ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿ ಬಿ.ಟಿ.ಎಂ. ಬಡಾವಣೆಯಲ್ಲಿದೆ. ಬನಶಂಕರಿಯಿಂದ ಕನಕಪುರ ರಸ್ತೆಯಲ್ಲಿ ಸಾಗಿದರೆ ತಲಘಟ್ಟಪುರದಲ್ಲಿ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಸಿಗುತ್ತದೆ. ಅದರಾಚೆಗೆ ಕನಕಪುರ, ರಾಮನಗರ, ಚನ್ನಪಟ್ಟಣಗಳ ರೈತರ ಹುಳು ಮನೆಗಳು ಆರಂಭವಾಗುತ್ತವೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಪ್ರದೇಶದ ಹವೆ ವರ್ಷದ ಬಹುಪಾಲು ತಿಂಗಳು ಹುಳುವಿಗೆ ಹಿತವಾಗಿರುತ್ತದೆ. ತೊಡಕು ಬರುವುದು ಮಾರ್ಚ್, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನದ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. 2016ರ ಏಪ್ರಿಲ್‌ನಲ್ಲಿ ಅದು 39.2 ಡಿಗ್ರಿಯನ್ನು ಮುಟ್ಟಿತ್ತು.

== ಹಂತಕ್ಕೆ ತಕ್ಕ ಶಾಖ ==

ರೇಷ್ಮೆ ಹುಳು ನಾಲ್ಕು ಬಾರಿ ಪೊರೆ ಕಳಚಿ ಐದು ಹಂತಗಳಲ್ಲಿ ಬೆಳೆಯುತ್ತದೆ. ಪೊರೆ ಕಳಚುವ ಮೊದಲು ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿರುವ ಸ್ಥಿತಿಯನ್ನು ರೈತರು ‘ಜ್ವರ’ ಎನ್ನುತ್ತಾರೆ. ಕಾಯಿಲೆಗೂ ಈ ಮಾತಿಗೂ ಸಂಬಂಧವಿಲ್ಲ.

ಮೊದಲ ಹಂತದ ಹುಳುವಿಗೆ 27ರಿಂದ 28 ಡಿಗ್ರಿ ಶಾಖ ಬೇಕು. ಎರಡನೆಯ ಹಂತಕ್ಕೆ 26ರಿಂದ 27, ಮೂರನೆಯದಕ್ಕೆ 25ರಿಂದ 26, ನಾಲ್ಕನೆಯದಕ್ಕೆ 24ರಿಂದ 25, ಐದನೆಯದಕ್ಕೆ 23ರಿಂದ 24 ಡಿಗ್ರಿ ಸಾಕು. ಅಂದರೆ ಪ್ರತಿ ಜ್ವರ ದಾಟಿದಂತೆ ಕೋಣೆ ಒಂದೊಂದು ಡಿಗ್ರಿ ತಂಪಾಗಬೇಕು. ಗಾಳಿಯ ತೇವಾಂಶವೂ ಹಾಗೆಯೇ ಇಳಿಯಬೇಕು: ಚಾಕಿ ಹುಳುಗಳಿಗೆ, ಎಂದರೆ ಮೊದಲೆರಡು ಹಂತದವಕ್ಕೆ, ಶೇಕಡ 85ರ ಆಸುಪಾಸಿನಲ್ಲಿದ್ದು, ಕೊನೆಯ ಹಂತದ ವೇಳೆಗೆ 65ರಿಂದ 70ಕ್ಕೆ ಬರಬೇಕು.

ಈ ಇಳಿಕೆಗೆ ಕಾರಣ ಹುಳುವಿನ ಗಾತ್ರದಲ್ಲಿದೆ. ಮೊಟ್ಟೆಯಿಂದ ಹೊರಬಂದ ಹುಳು ಅರ್ಧ ಮಿಲಿಗ್ರಾಂ ಕೂಡ ತೂಗುವುದಿಲ್ಲ. ಸುಮಾರು 25 ದಿನಗಳಲ್ಲಿ ಅದು ಹತ್ತು ಸಾವಿರ ಪಟ್ಟು ತೂಗುತ್ತದೆ. ಎಳೆಯ ಹುಳುವಿನ ಬೆಳವಣಿಗೆ ಅತ್ಯಂತ ವೇಗವಾದದ್ದು, ಆ ವೇಗಕ್ಕೆ ಶಾಖ ಬೇಕು. ಅದರ ಪುಟ್ಟ ಬಾಯಿಗೆ ಎಟುಕುವ ಎಳೆಯ ಸೊಪ್ಪು ಬಾಡದಿರಲು ತೇವವೂ ಬೇಕು. ಬಲಿತ ಹುಳುವಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಅದು ಐದನೆಯ ಹಂತದ ಆರೇಳು ದಿನಗಳಲ್ಲಿ ತಿನ್ನುತ್ತದೆ. ಅಷ್ಟು ಮೇವು ಅರಗುವಾಗ ಮೈಯಲ್ಲಿಯೇ ಶಾಖ ಹುಟ್ಟುತ್ತದೆ. ತಟ್ಟೆಯ ತಳದಲ್ಲಿ ಸೇರುವ ಹಿಕ್ಕೆ ಮತ್ತು ಉಳಿಕೆ ಸೊಪ್ಪು ಕೊಳೆಯುತ್ತ ಇನ್ನಷ್ಟು ಬಿಸಿಯನ್ನು ಕೊಡುತ್ತದೆ. ಈ ಬಿಸಿಯೆಲ್ಲ ಹೊರಹೋಗಬೇಕಾದರೆ ಸುತ್ತಲಿನ ಗಾಳಿ ತಂಪಾಗಿಯೂ ಒಣಗಿದಂತೆಯೂ ಇರಬೇಕು.

ಬೇಸಿಗೆಯ ತೊಡಕಿನ ಮೂಲವೂ ಇಲ್ಲಿಯೇ ಇದೆ. ಹೊರಗಿನ ಬಿಸಿಲನ್ನು ಹೆಚ್ಚು ತಾಳಬಲ್ಲದ್ದು ಚಾಕಿ ಹುಳು. ಬೆಳೆ ಕೈಗೆ ಬರುವ ಹೊತ್ತಿಗೆ ತಾಳುವ ಶಕ್ತಿ ಅತಿ ಕಡಿಮೆಯಾಗಿರುತ್ತದೆ.

== ದಿಢೀರ್ ಶಾಖದಿಂದಾಗುವ ಹಾನಿ ==

ಶಾಖ 30 ಡಿಗ್ರಿಯನ್ನು ದಾಟಿದಾಗ ಬಲಿತ ಹುಳುವಿನ ಆರೋಗ್ಯ ಕೆಡತೊಡಗುತ್ತದೆ. ದಿನಗಳ ಕಾಲ ನಿಧಾನವಾಗಿ ಏರುವ ಬಿಸಿಗಿಂತ ಕೆಲವೇ ಗಂಟೆಗಳಲ್ಲಿ ಹತ್ತು ಡಿಗ್ರಿ ಏರುವ ಬಿಸಿ ಹೆಚ್ಚು ಅಪಾಯಕಾರಿ. ಹಠಾತ್ ಶಾಖ ತಗುಲಿದಾಗ ಜೀವಕೋಶಗಳು ತಮ್ಮ ಎಂದಿನ ಪ್ರೋಟೀನು ತಯಾರಿಕೆಯನ್ನು ತಗ್ಗಿಸಿ, ಶಾಖಾಘಾತದ ಪ್ರೋಟೀನುಗಳೆಂಬ ರಕ್ಷಕ ಪ್ರೋಟೀನುಗಳನ್ನು ತಯಾರಿಸಲು ತೊಡಗುತ್ತವೆ. ರೇಷ್ಮೆಯೂ ಒಂದು ಪ್ರೋಟೀನೇ. ಐದನೆಯ ಹಂತದಲ್ಲಿ ರೇಷ್ಮೆ ಗ್ರಂಥಿಗಳು ಭರದಿಂದ ಬೆಳೆಯುತ್ತಿರುವಾಗ ಹೀಗಾದರೆ ನಷ್ಟ ನೇರವಾಗಿ ಗೂಡಿನ ತೂಕಕ್ಕೆ ತಟ್ಟುತ್ತದೆ. ಜೊತೆಗೆ ಬಿಸಿಯಲ್ಲಿ ಹುಳು ಬೇಗ ಹಣ್ಣಾಗುತ್ತದೆ. ಬೆಳೆ ಒಂದು ದಿನ ಮೊದಲೇ ಬಂತೆಂದು ಮೇಲ್ನೋಟಕ್ಕೆ ಲಾಭವೆನಿಸಿದರೂ ಅದು ಮೇಯಬೇಕಾಗಿದ್ದ ದಿನದ ನಷ್ಟ.

ಹಾನಿಯ ಮೊದಲ ಕುರುಹು ತಟ್ಟೆಯಲ್ಲಿಯೇ ಕಾಣುತ್ತದೆ. ಹಾಕಿದ ಸೊಪ್ಪು ಹಾಗೆಯೇ ಉಳಿಯುತ್ತದೆ. ಸೊಪ್ಪು ಕಡಿಯುವಾಗಿನ ಮಳೆಹನಿಯಂತಹ ಸದ್ದು ಕೇಳಿಸುವುದಿಲ್ಲ. ಹುಳುಗಳು ಅಂಚಿನತ್ತ ಹರಿದಾಡುತ್ತವೆ. ಮೈ ಬಿಗುವು ಕಳೆದುಕೊಂಡು ಮೆತ್ತಗಾಗುತ್ತದೆ, ಹಿಕ್ಕೆ ತೆಳುವಾಗುತ್ತದೆ, ಕೆಲವು ಹುಳುಗಳು ಬಾಯಿಂದ ಹಸುರು ರಸವನ್ನು ಕಕ್ಕುತ್ತವೆ. ಎರಡು ಮೂರು ದಿನಗಳ ಬಳಿಕ ಸಪ್ಪೆರೋಗ ಕಾಣಿಸಿಕೊಂಡು ಸತ್ತ ಹುಳುಗಳು ಕಪ್ಪಗೆ ಕೊಳೆಯುತ್ತವೆ. ಅಡಗಿದ್ದ ಹಾಲುತೊಂಡೆ ರೋಗವೂ ಇಂತಹ ಆಘಾತದ ನಂತರ ಮೇಲೇಳುತ್ತದೆ: ಹುಳುವಿನ ಮೈ ಉಬ್ಬಿ, ಚರ್ಮ ಹೊಳೆದು, ಮುಟ್ಟಿದರೆ ಒಡೆದು ಹಾಲಿನಂತಹ ದ್ರವ ಸುರಿಯುತ್ತದೆ. ಬಿಸಿಗೂ ಸಾವಿಗೂ ನಡುವೆ ದಿನಗಳ ಅಂತರವಿರುವುದರಿಂದ ಅನೇಕರು ಮೊಟ್ಟೆಯನ್ನೋ ಸೊಪ್ಪನ್ನೋ ದೂರುತ್ತಾರೆ. ಉಷ್ಣಾಂಶವನ್ನು ಬರೆದಿಟ್ಟ ಪುಸ್ತಕವಿದ್ದರೆ ಮಾತ್ರ ನಿಜವಾದ ಕಾರಣ ತಿಳಿಯುತ್ತದೆ.

ಚಂದ್ರಿಕೆಗೆ ಬಿಟ್ಟ ಮೇಲೂ ಅಪಾಯ ಮುಗಿಯುವುದಿಲ್ಲ. ಗೂಡು ಕಟ್ಟುವಾಗ 24ರಿಂದ 25 ಡಿಗ್ರಿ ಶಾಖ, ಒಣಗಿದ ಗಾಳಿ ಬೇಕು. ಅತಿಯಾದ ಬಿಸಿಯಲ್ಲಿ ಎಳೆಗೆ ಅಂಟಾಗಿರುವ ಸೆರಿಸಿನ್ ಬೇಗ ಗಡುಸಾಗಿ, ನೂಲು ಬಿಚ್ಚಾಣಿಕೆಯಲ್ಲಿ ಎಳೆ ಪದೇ ಪದೇ ಕಡಿಯುತ್ತದೆ. ಬಿತ್ತನೆ ಗೂಡು ಬೆಳೆಯುವವರಿಗೆ ಇನ್ನೊಂದು ನಷ್ಟವಿದೆ: ಬಿಸಿಯಲ್ಲಿ ಬೆಳೆದ ದ್ವಿತಳಿ ಗಂಡು ಹುಳುಗಳು ನೋಟಕ್ಕೆ ಚೆನ್ನಾಗಿಯೇ ಗೂಡು ಕಟ್ಟಿ, ಪತಂಗವಾದ ಮೇಲೆ ನಿರ್ವೀರ್ಯವಾಗಿರಬಹುದು.

ಎಲ್ಲ ತಳಿಗಳೂ ಒಂದೇ ಬಗೆಯಾಗಿ ಸೋಲುವುದಿಲ್ಲ. ವರ್ಷಕ್ಕೆ ಹಲವು ಪೀಳಿಗೆ ಕಾಣುವ ಮೈಸೂರು ತಳಿ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಆದರೆ ಅದರ ಗೂಡಿನಲ್ಲಿ ರೇಷ್ಮೆ ಕಡಿಮೆ. ಸಿಎಸ್‌ಆರ್ 2 × ಸಿಎಸ್‌ಆರ್ 4ರಂತಹ ದ್ವಿತಳಿ ಸಂಕರಗಳು ಬಿಳಿಯ, ದಪ್ಪ ಗೂಡನ್ನು ಕೊಡುತ್ತವೆ, ಬಿಸಿಗೆ ಬೇಗ ಬಾಗುತ್ತವೆ. ಮೈಸೂರು ಹೆಣ್ಣಿಗೆ ದ್ವಿತಳಿ ಗಂಡನ್ನು ಕೂಡಿಸಿದ ಮಿಶ್ರತಳಿ ಇವೆರಡರ ನಡುವಿನದು. ಬೇಸಿಗೆಯಲ್ಲಿ ಅನೇಕ ರೈತರು ಅದಕ್ಕೇ ಮರಳುವುದು ಹಿಂದುಳಿದಿರುವಿಕೆಯ ಗುರುತಲ್ಲ, ಲೆಕ್ಕಾಚಾರ.

== ಒಂದು ಏಪ್ರಿಲ್ ಬೆಳೆಯ ಉದಾಹರಣೆ ==

ಕನಕಪುರ ಕಡೆಯ ಸಿಮೆಂಟ್ ಶೀಟಿನ ಚಾವಣಿಯ ಮನೆಯೊಂದರಲ್ಲಿ ಏಪ್ರಿಲ್ 2ರಂದು ದ್ವಿತಳಿಯ ಚಾಕಿ ಕಟ್ಟಿದರೆಂದು ಭಾವಿಸಬಹುದು. ನಾಲ್ಕನೆಯ ಜ್ವರ ಮುಗಿದು ಹುಳುಗಳು ಐದನೆಯ ಹಂತಕ್ಕೆ ಬರುವಾಗ ತಿಂಗಳ 19 ಅಥವಾ 20 ಆಗಿರುತ್ತದೆ, ಬಿಸಿಲಿನ ಕಡುಕಾಲ. ಬೆಳಗಿನ ಆರಕ್ಕೆ ಒಳಗೆ 22 ಡಿಗ್ರಿ, ಮಧ್ಯಾಹ್ನ ಎರಡೂವರೆಗೆ 35 ಡಿಗ್ರಿ, ತೇವಾಂಶ ಶೇಕಡ 25. ಇವೆರಡರ ಸರಾಸರಿ 28.5, ಸರಾಸರಿಯನ್ನಷ್ಟೇ ನೋಡಿದವರಿಗೆ ಇದು ಹೆದರುವಂಥದ್ದೆನಿಸದು. ಹುಳು ಅನುಭವಿಸುವುದು ಸರಾಸರಿಯನ್ನಲ್ಲ, ಎಂಟೂವರೆ ಗಂಟೆಗಳಲ್ಲಿ ಏರಿದ 13 ಡಿಗ್ರಿಗಳನ್ನು. ಉಷ್ಣಮಾಪಕವನ್ನು ಬಾಗಿಲ ಬಳಿಯ ಗೋಡೆಗೆ ತೂಗುಹಾಕಿದ್ದರೆ ಈ ಅಂಕಿಯೂ ನಿಜಕ್ಕಿಂತ ಕಡಿಮೆ. ಚಾವಣಿಗೆ ಹತ್ತಿರವಿರುವ ಮೇಲಿನ ಅಂಕಣದಲ್ಲಿ ಬಿಸಿ ಇನ್ನೂ ಹೆಚ್ಚಿರುತ್ತದೆ. ಹುಳು ಇರುವ ಎತ್ತರದಲ್ಲಿ, ಒಣ ಬುಡ್ಡೆ ಮತ್ತು ಒದ್ದೆ ಬುಡ್ಡೆಗಳೆರಡೂ ಇರುವ ಮಾಪಕವನ್ನು ಇಡಬೇಕು.

ಒದ್ದೆ ಬುಡ್ಡೆಯ ಅಂಕಿ ಮುಖ್ಯವಾದುದು, ಏಕೆಂದರೆ ನೀರು ಆರಿಸಿ ಗಾಳಿಯನ್ನು ಎಷ್ಟು ತಂಪು ಮಾಡಬಹುದೆಂಬ ಮಿತಿಯನ್ನು ಅದೇ ಹೇಳುತ್ತದೆ. ಈ ಉದಾಹರಣೆಯಲ್ಲಿ ಅದು ಸುಮಾರು 21 ಡಿಗ್ರಿ ತೋರಿಸುತ್ತದೆ. ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿ ಗಾಳಿ ಹಾಯಿಸಿದರೆ ಒಳಗಿನ ಶಾಖ 27 ಡಿಗ್ರಿಯವರೆಗೆ ಇಳಿಯಬಲ್ಲದು. ತೇವಾಂಶ ಆಗಲೂ ಶೇಕಡ 60ರ ಒಳಗೇ ಇರುತ್ತದೆ. 23 ಡಿಗ್ರಿಯ ಆದರ್ಶಕ್ಕೆ ಇದು ಸಮವಲ್ಲ, ಆದರೆ ಬೆಳೆ ಉಳಿಯುತ್ತದೆ.

ಮೇ ತಿಂಗಳ ಮಳೆ ಬಿದ್ದ ಮರುದಿನ ಇದೇ ಉಪಾಯ ತಿರುಗುಬಾಣವಾಗುತ್ತದೆ. 32 ಡಿಗ್ರಿ ಶಾಖ, ಶೇಕಡ 60 ತೇವಾಂಶ ಇರುವಾಗ ಒದ್ದೆ ಬುಡ್ಡೆ 25 ಡಿಗ್ರಿಗಿಂತ ಮೇಲಿರುತ್ತದೆ. ಗೋಣಿತಾಟಿನಿಂದ ಹೆಚ್ಚೆಂದರೆ 28 ಡಿಗ್ರಿಗೆ ಇಳಿಸಬಹುದು, ಅಷ್ಟರಲ್ಲಿ ತೇವಾಂಶ ಶೇಕಡ 80ನ್ನು ಮೀರಿರುತ್ತದೆ. ಬಲಿತ ಹುಳುವಿಗೆ ಅದು ರೋಗವನ್ನು ಕರೆದಂತೆ. ಅಂತಹ ದಿನ ನೀರನ್ನು ಬಿಟ್ಟು ಗಾಳಿಯಾಡುವಿಕೆಯನ್ನೇ ನಂಬಬೇಕು: ಎದುರುಬದುರು ಕಿಟಕಿಗಳನ್ನು ತೆರೆಯಬೇಕು, ಬಿಸಿ ಗಾಳಿ ಹೊರಹೋಗಲು ಚಾವಣಿಯ ಕೆಳಗೆ ಕಿಂಡಿಗಳಿರಬೇಕು, ಹಿಕ್ಕೆಯನ್ನು ತೆಗೆದು ಹುಳುಗಳನ್ನು ವಿರಳವಾಗಿ ಹರಡಬೇಕು.

== ಮುಂಜಾಗ್ರತೆ ==

ಚಾವಣಿಯ ಮೇಲೆ ತೆಂಗಿನ ಗರಿ ಅಥವಾ ಹುಲ್ಲಿನ ಹೊದಿಕೆಯನ್ನು ಮಾರ್ಚ್‌ಗೆ ಮೊದಲೇ ಹಾಕುವುದು ಅತಿ ಅಗ್ಗದ ರಕ್ಷಣೆ. ಕಿಟಕಿಗಳನ್ನು ರಾತ್ರಿ ತೆರೆದಿಟ್ಟು, ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗುವ ಮೊದಲು ಬಿಸಿಲ ಕಡೆಯವನ್ನು ಮರೆಮಾಡಬೇಕು. ಸೊಪ್ಪನ್ನು ಬೆಳಗಿನ ತಂಪಿನಲ್ಲಿ ಕೊಯ್ದು ಒದ್ದೆ ಬಟ್ಟೆಯ ಕೆಳಗೆ ಇಟ್ಟು, ದೊಡ್ಡ ಮೇವನ್ನು ಸಂಜೆ ಮತ್ತು ರಾತ್ರಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ನಡುಮಧ್ಯಾಹ್ನ ಹಾಕಿದ ಸೊಪ್ಪು ಹುಳು ತಿನ್ನುವ ಮೊದಲೇ ಬಾಡುತ್ತದೆ.

ಜ್ವರಕ್ಕೆ ಕೂತ ಹುಳುವಿಗೆ ಹೆಚ್ಚಿನ ಎಚ್ಚರ ಬೇಕು. ಆಗ ಕೋಣೆಯನ್ನು ಎಂದಿಗಿಂತ ಒಂದು ಡಿಗ್ರಿ ತಂಪಾಗಿಯೂ, ಗಾಳಿಯನ್ನು ಒಣದಾಗಿಯೂ ಇಡಬೇಕು. ಆ ಹೊತ್ತಿನಲ್ಲಿ ಶಾಖ ಏರುಪೇರಾದರೆ ಕೆಲವು ಹುಳುಗಳು ಮೊದಲು, ಕೆಲವು ತಡವಾಗಿ ಪೊರೆ ಕಳಚಿ ಇಡೀ ಬೆಳೆ ಏರುಪೇರಾಗುತ್ತದೆ. ಬಿಸಿ ತಗುಲಿದ ಹುಳುಗಳ ಮೇಲೆ ತಣ್ಣೀರು ಚಿಮುಕಿಸುವುದಾಗಲಿ, ನೀರು ತೊಟ್ಟಿಕ್ಕುವ ಸೊಪ್ಪನ್ನು ಹಾಕುವುದಾಗಲಿ ಸಲ್ಲದು; ಒದ್ದೆ ಸೊಪ್ಪು ಕರುಳಿನಲ್ಲಿ ಸಪ್ಪೆರೋಗದ ಸೂಕ್ಷ್ಮಾಣುಗಳಿಗೆ ದಾರಿ ಮಾಡಿಕೊಡುತ್ತದೆ. ಮೊದಲು ಕೋಣೆಯನ್ನು ತಂಪಾಗಿಸಿ, ಹುಳುಗಳು ಮತ್ತೆ ತಲೆಯಾಡಿಸಿ ಮೇವು ಹುಡುಕತೊಡಗಿದ ಮೇಲೆ ಎಳೆಯ ತಾಜಾ ಸೊಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.